ಉಜ್ಜಿದ ಕಾರ್ಡು, ಬಾರದ ದುಡ್ಡು

ದಾವಣಗೆರೆಯ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಂದರು. ಕೈಯಲ್ಲಿ ಎರಡು ಕಾಗದ. ಒಂದು, ಅವರು ಹನ್ನೆರಡು ದಿನದ ಹಿಂದೆ ಬ್ಯಾಂಕಿಗೆ ಬರೆದ ದೂರು. ಇನ್ನೊಂದು, ಅದಕ್ಕೆ ಬ್ಯಾಂಕು ಕೊಟ್ಟ ಉತ್ತರ. ಚಹಾ ಬರುವ ಮೊದಲೇ ಶುರು ಮಾಡಿದರು: “ನೋಡ್ರಿ ಸರ, ನೀವೂ ಬ್ಯಾಂಕಿನಾಗ ಇದ್ದೋರು. ನನ್ನ ದುಡ್ಡು ಇಟ್ಕಂಡು, ಎಲ್ಲಾ ಸರಿ ಐತಿ ಅಂತ ನನಗೇ ಬರದು ಕಳ್ಸ್ಯಾರ.”

ದೂರು ಓದಿದೆ. ಖಾರಕ್ಕೆ ಕೊರತೆ ಇರಲಿಲ್ಲ. ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನದಲ್ಲಿ ಕಾರ್ಡಿನ ಮೇಲೆ 2,72,000 ರೂಪಾಯಿ ವ್ಯಾಪಾರವಾಗಿದೆ; ಮರುದಿನವೇ ಜಮಾ ಎಂದು ಹೇಳಿ ಮಷೀನು ಕೊಟ್ಟವರು ನೀವು; ಮಂಗಳವಾರವಾದರೂ ಒಂದು ಪೈಸೆ ಬಂದಿಲ್ಲ; ರಿಸರ್ವ್ ಬ್ಯಾಂಕಿನ ನಿಯಮದಂತೆ ದಿನಕ್ಕೆ ನೂರು ರೂಪಾಯಿ ದಂಡ ಸೇರಿಸಿ ಕೂಡಲೇ ಕೊಡಿ. ಬ್ಯಾಂಕಿನ ಉತ್ತರ ಮೂರೇ ಸಾಲು. ನಿಮ್ಮ ದೂರನ್ನು ಪರಿಶೀಲಿಸಲಾಗಿದೆ, ಎಲ್ಲ ಸೆಟ್ಲ್‌ಮೆಂಟುಗಳೂ ಒಪ್ಪಂದದ ಅವಧಿಯಲ್ಲಿಯೇ ಆಗಿವೆ, ದೂರನ್ನು ಮುಕ್ತಾಯಗೊಳಿಸಲಾಗಿದೆ.

ತಮಾಷೆ ಏನೆಂದರೆ, ಎರಡೂ ಕಾಗದ ತಪ್ಪು. ವ್ಯಾಪಾರಿ ಕೇಳಿದ ಹೆಚ್ಚಿನ ದುಡ್ಡು ತಡವಾಗಿರಲೇ ಇಲ್ಲ. ನಿಜವಾಗಿ ತಡವಾಗಿದ್ದ ದುಡ್ಡಿನ ಬಗ್ಗೆ ದೂರಿನಲ್ಲಿ ಪ್ರತ್ಯೇಕವಾಗಿ ಒಂದು ಮಾತೂ ಇರಲಿಲ್ಲ, ಹಾಗಾಗಿ ಬ್ಯಾಂಕಿಗೆ ಜಾರಿಕೊಳ್ಳುವುದು ಸುಲಭವಾಯಿತು. ಇಂಥ ದೂರುಗಳನ್ನು ಮೇಜಿನ ಆ ಕಡೆ ಕೂತು ನಾನೂ ಬಹಳ ವರ್ಷ ಓದಿದ್ದೇನೆ, ಇಂಥ ಮೂರು ಸಾಲಿನ ಉತ್ತರಗಳಿಗೆ ಸಹಿಯನ್ನೂ ಹಾಕಿದ್ದೇನೆ. ಆದ್ದರಿಂದ ಅವತ್ತು ಪಾಸ್‌ಬುಕ್ಕು, ಸ್ಲಿಪ್ಪಿನ ಕಟ್ಟು, ಮಷೀನು ಕೊಟ್ಟಾಗ ಸಹಿ ಮಾಡಿದ ಒಪ್ಪಂದ ಎಲ್ಲವನ್ನೂ ತರಿಸಿಕೊಂಡು ಲೆಕ್ಕ ಬಿಡಿಸಲು ಕೂತೆವು.

ಮೊದಲು ಒಂದು ವಿಷಯ ತಿಳಿದಿರಬೇಕು. ಗಿರಾಕಿ ಕಾರ್ಡು ಉಜ್ಜಿ ಪಿನ್ ಒತ್ತಿದಾಗ, ಸ್ಲಿಪ್ಪು ಕಿರ್ರೆಂದು ಹೊರಬಂದಾಗ, ಅಂಗಡಿಗೆ ದುಡ್ಡು ಬಂದಿರುವುದಿಲ್ಲ. ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕು “ಇಷ್ಟು ಮೊತ್ತಕ್ಕೆ ನನ್ನ ಒಪ್ಪಿಗೆ ಇದೆ” ಎಂದು ಮಾತು ಕೊಟ್ಟಿದೆ, ಅಷ್ಟೆ. ಡೆಬಿಟ್ ಕಾರ್ಡಾದರೆ ಗಿರಾಕಿಯ ಖಾತೆಯಿಂದ ಆಗಲೇ ಹಣ ಕಳೆದಿರುತ್ತದೆ, ಅವನ ಮೊಬೈಲಿಗೆ ಸಂದೇಶವೂ ಹೋಗಿರುತ್ತದೆ. ಅದಕ್ಕೇ ಅಂಗಡಿಯವರಿಗೆ ‘ಅವನಿಂದ ಹೋಗಿದೆ, ನನಗೆ ಬಂದಿಲ್ಲ, ನಡುವೆ ಯಾರೋ ಬಡ್ಡಿ ತಿನ್ನುತ್ತಿದ್ದಾರೆ’ ಎಂಬ ಅನುಮಾನ. ಕೊಟ್ಟ ಮಾತನ್ನು ದುಡ್ಡಾಗಿಸಲು ಅಂಗಡಿಯವರು ಇನ್ನೊಂದು ಕೆಲಸ ಮಾಡಬೇಕು. ದಿನದ ಕೊನೆಗೆ ಮಷೀನಿನಲ್ಲಿ ಸೆಟ್ಲ್‌ಮೆಂಟ್ ಒತ್ತಿ ಅವತ್ತಿನ ಬ್ಯಾಚು ಮುಗಿಸಬೇಕು. ಆಗ ಅವತ್ತಿನ ವ್ಯವಹಾರಗಳ ಪಟ್ಟಿ ಮಷೀನು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಈ ಜಾಲಗಳ ಮೂಲಕ ಕಾರ್ಡು ಕೊಟ್ಟ ಬ್ಯಾಂಕುಗಳಿಗೆ ಹೋಗುತ್ತದೆ. ಬ್ಯಾಂಕು ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆಗಿ, ಕೊನೆಗೆ ಮಷೀನು ಕೊಟ್ಟ ಬ್ಯಾಂಕು ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಅಂಗಡಿಯ ಖಾತೆಗೆ ಹಾಕುತ್ತದೆ. ಈಗಿನ ಎಷ್ಟೋ ಮಷೀನುಗಳಲ್ಲಿ ಬ್ಯಾಚು ತಾನಾಗಿಯೇ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಆದರೆ ಆ ಹೊತ್ತಿನಲ್ಲಿ ಮಷೀನು ಚಾಲೂ ಇರಬೇಕು, ಸಿಮ್ಮಿಗೆ ಸಿಗ್ನಲ್ ಸಿಗಬೇಕು. ಇವರ ಮಷೀನು ಹಳೆಯದು, ಕೈಯಲ್ಲೇ ಒತ್ತಬೇಕಾದದ್ದು.

ಈಗ ಶುಕ್ರವಾರಕ್ಕೆ ಬರೋಣ. ಅವತ್ತಿನ ಕಾರ್ಡು ವ್ಯಾಪಾರ 68,200 ರೂಪಾಯಿ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಬ್ಯಾಚು ಮುಗಿಸಿದ ಸ್ಲಿಪ್ಪು ಇತ್ತು. ಒಪ್ಪಂದದಲ್ಲಿ ಇದ್ದದ್ದು ‘ಟಿ ಪ್ಲಸ್ ಒನ್’, ಅಂದರೆ ಬ್ಯಾಚು ಮುಗಿಸಿದ ದಿನದ ಮರುದಿನ. ಆದರೆ ಅದರ ಹಿಂದೆಯೇ ‘ಕೆಲಸದ ದಿನ’ ಎಂಬ ಮಾತೂ ಇತ್ತು. ಮಷೀನು ಮಾರಲು ಬಂದ ಹುಡುಗ ಮೊದಲ ಮಾತನ್ನು ಹೇಳಿದ್ದ, ಎರಡನೆಯದನ್ನು ಹೇಳಿರಲಿಲ್ಲ. ಆ ಶನಿವಾರ ತಿಂಗಳ ಎರಡನೆಯ ಶನಿವಾರ. 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ. ಭಾನುವಾರ ಹೇಗೂ ಇಲ್ಲ. ಹಾಗಾಗಿ ಶುಕ್ರವಾರದ ದುಡ್ಡು ಸೋಮವಾರ ಬರಬೇಕು, ಸೋಮವಾರವೇ ಬಂದಿದೆ. ಪಾಸ್‌ಬುಕ್ಕಿನಲ್ಲಿ ಸಾಲು ತೋರಿಸಿದೆ.

“ಅದು ನಂದಲ್ಲ ಸರ,” ಎಂದರು. “ಅರವತ್ತೆಂಟು ಸಾವಿರ ಚಿಲ್ರೆ ಬರಬೇಕು. ಇಲ್ಲಿ ಅರವತ್ತೇಳು ಐತಿ.”

ಜಮೆಯಾಗಿದ್ದದ್ದು 67,284 ರೂಪಾಯಿ 56 ಪೈಸೆ. ಅವರು ಸ್ಲಿಪ್ಪಿನ ಮೊತ್ತವನ್ನೇ ಪಾಸ್‌ಬುಕ್ಕಿನಲ್ಲಿ ಹುಡುಕುತ್ತಿದ್ದರು. ಸಿಗಲಿಲ್ಲ, ಬಂದಿಲ್ಲ ಎಂದು ಬರೆದರು. ಲೆಕ್ಕ ಹೀಗಿದೆ. ಆ ದಿನದ ಮೊತ್ತದಲ್ಲಿ 12,000 ರೂಪಾಯಿ ರುಪೇ ಡೆಬಿಟ್ ಕಾರ್ಡಿನದು. 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡಿಗೆ ಅಂಗಡಿಯವರಿಂದ ಕಮಿಷನ್ ಹಿಡಿಯುವಂತಿಲ್ಲ. 26,200 ರೂಪಾಯಿ ಬೇರೆ ಡೆಬಿಟ್ ಕಾರ್ಡುಗಳದ್ದು. ವರ್ಷಕ್ಕೆ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ವಹಿವಾಟಿರುವ ಅಂಗಡಿಗೆ ರಿಸರ್ವ್ ಬ್ಯಾಂಕು ಹಾಕಿರುವ ಮಿತಿ ಶೇಕಡ 0.90. ಇವರ ಬ್ಯಾಂಕು ಆ ಮಿತಿಯಷ್ಟನ್ನೂ ಹಿಡಿಯುತ್ತದೆ, ಅದು 235 ರೂಪಾಯಿ 80 ಪೈಸೆ. ಉಳಿದ 30,000 ಕ್ರೆಡಿಟ್ ಕಾರ್ಡಿನದು. ಅದಕ್ಕೆ ಇಂಥ ಮಿತಿ ಇಲ್ಲ, ಒಪ್ಪಂದದ ದರ ಶೇಕಡ 1.8, ಅಂದರೆ 540 ರೂಪಾಯಿ. ಎರಡೂ ಸೇರಿ 775 ರೂಪಾಯಿ 80 ಪೈಸೆ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 139 ರೂಪಾಯಿ 64 ಪೈಸೆ. ಒಟ್ಟು 915 ರೂಪಾಯಿ 44 ಪೈಸೆ ಕಳೆದರೆ ಪಾಸ್‌ಬುಕ್ಕಿನ ಸಂಖ್ಯೆ ಪೈಸೆ ಸಮೇತ ಕೂಡಿಬರುತ್ತದೆ. ಅವತ್ತಿನ ಬಿಲ್ಲುಗಳೆಲ್ಲ ಎರಡು ಸಾವಿರ ದಾಟಿದ್ದವು. ಎರಡು ಸಾವಿರದವರೆಗಿನ ಕಾರ್ಡು ವ್ಯವಹಾರದ ಕಮಿಷನ್ನಿಗೆ ಜಿಎಸ್‌ಟಿ ಇಲ್ಲ, ಚಿಲ್ಲರೆ ಅಂಗಡಿಯವರು ಇದನ್ನು ಗಮನಿಸಬೇಕು. ಕೆಲವು ಬ್ಯಾಂಕುಗಳು ಕಮಿಷನ್ನನ್ನು ದಿನದಿನವೂ ಹಿಡಿಯದೆ ತಿಂಗಳ ಕೊನೆಗೆ ಒಟ್ಟಿಗೆ ಹಿಡಿಯುತ್ತವೆ. ಅಂಥಲ್ಲಿ ಸ್ಲಿಪ್ಪಿನ ಮೊತ್ತವೇ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ತಿಂಗಳ ಕೊನೆಗೆ ಒಂದು ಪೆಟ್ಟು ಬೀಳುತ್ತದೆ.

ಶುಕ್ರವಾರ ಹೀಗೆ ಬಗೆಹರಿಯಿತು. ಶನಿವಾರದ್ದು ಬೇರೆ ಕಥೆ. ಆ ದಿನ ಮದುವೆ ಜವಳಿ ಜೋರು, 1,46,500 ರೂಪಾಯಿ ವ್ಯಾಪಾರ. ರಾತ್ರಿ ಹತ್ತೂವರೆವರೆಗೆ ಅಂಗಡಿ ತೆರೆದಿತ್ತು. ಗಲ್ಲಾಪೆಟ್ಟಿಗೆ ನೋಡಿಕೊಳ್ಳುವ ಹುಡುಗ ಊರಿನ ಕಡೆಯ ಕೊನೆ ಬಸ್ಸು ಹಿಡಿಯುವ ಅವಸರದಲ್ಲಿ ಹೊರಟುಹೋಗಿದ್ದ. ಬ್ಯಾಚು ಮುಗಿಸಿದ ಸ್ಲಿಪ್ಪು ಶನಿವಾರದ್ದು ಇರಲೇ ಇಲ್ಲ. ಭಾನುವಾರ ರಾತ್ರಿ ಒಂಬತ್ತಕ್ಕೆ ಒಂದೇ ಬ್ಯಾಚಿನಲ್ಲಿ ಎರಡೂ ದಿನದ ವ್ಯವಹಾರ ಹೋಗಿದೆ, ಭಾನುವಾರದ 57,300 ಸೇರಿ. ಅಂದರೆ ಶನಿವಾರದ ದುಡ್ಡನ್ನು ಅಂಗಡಿಯವರು ಕೇಳಿದ್ದೇ ಭಾನುವಾರ. ನನಗೆ ಸಿಟ್ಟು ಬರಿಸುವುದು ಮಷೀನಿನ ಮೌನ. ಬ್ಯಾಚು ಮುಗಿದಿಲ್ಲ ಎಂದು ಅದು ಕೂಗುವುದಿಲ್ಲ, ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಮೊದಲ ಕಾರ್ಡು ನುಂಗುತ್ತದೆ.

ಭಾನುವಾರ ರಾತ್ರಿ ಕೇಳಿದ್ದು ಸೋಮವಾರ ಬರಬೇಕಲ್ಲವೇ? ಇಲ್ಲಿ ಒಪ್ಪಂದದ ಇನ್ನೊಂದು ಮೂಲೆ ಇದೆ. ಬ್ಯಾಚು ರಜೆಯ ದಿನ ಮುಗಿದರೆ ‘ಟಿ’ ಯಾವುದು? ಭಾನುವಾರವೇ ಟಿ ಎಂದರೆ ಸೋಮವಾರ ದುಡ್ಡು. ರಜೆಯ ಬ್ಯಾಚನ್ನು ಮುಂದಿನ ಕೆಲಸದ ದಿನ ಬಂದದ್ದೆಂದು ಎಣಿಸುತ್ತೇವೆ ಎಂದರೆ ಸೋಮವಾರ ಟಿ, ಮಂಗಳವಾರ ದುಡ್ಡು. ಇವರ ಒಪ್ಪಂದದಲ್ಲಿ ಎರಡನೆಯ ರೀತಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ರಾತ್ರಿ ಹನ್ನೊಂದರ ಮೇಲೆ ಮುಗಿಸಿದ ಬ್ಯಾಚಿಗೂ ಅದೇ ಲೆಕ್ಕ. ಮಂಗಳವಾರ ಬೆಳಿಗ್ಗೆ ಇವರು ದೂರು ಕೊಟ್ಟಿದ್ದಾರೆ, ಮಂಗಳವಾರ ಸಂಜೆ ದುಡ್ಡು ಬಂದಿದೆ. ಬ್ಯಾಂಕು ‘ಅವಧಿಯಲ್ಲಿಯೇ ಆಗಿದೆ’ ಎಂದು ಬರೆದದ್ದು ಇದನ್ನು ನೋಡಿಯೇ.

ಆದರೆ ಪೂರ್ತಿ ಬಂದಿರಲಿಲ್ಲ. ಎರಡು ದಿನದ ಬ್ಯಾಚು 2,03,800 ರೂಪಾಯಿ. ಬಂದದ್ದು 1,11,800ಕ್ಕೆ ಕಮಿಷನ್ ಕಳೆದ ಮೊತ್ತ. ನಡುವೆ ಸರಿಯಾಗಿ 92,000 ಮಾಯವಾಗಿತ್ತು. ದೂರಿಗೆ ಹೂರಣ ಇದ್ದದ್ದು ಇಲ್ಲಿ.

ಶನಿವಾರ ಸಂಜೆ ಹರಿಹರದ ಕಡೆಯ ಒಂದು ಕುಟುಂಬ ಬಂದು ಮದುವೆ ಸೀರೆಗಳನ್ನು ಆರಿಸಿತ್ತು. ಬೀಗರಿಗೆ ಉಡಿಸುವ ಸೀರೆಗಳ ಬಿಲ್ಲು ಬೇರೆ ಇರಲಿ ಎಂದು ಹೇಳಿ ಎರಡು ಬಿಲ್ಲು ಮಾಡಿಸಿದರು. ಕಾಕತಾಳೀಯವೋ, ಅಜ್ಜಿಯ ಲೆಕ್ಕಾಚಾರವೋ, ಎರಡೂ ಕಡೆಗೆ ಸಮಸಮ ಆಗಲೆಂದು ತಲಾ 46,000. ಒಂದೇ ಕ್ರೆಡಿಟ್ ಕಾರ್ಡನ್ನು ಎರಡು ನಿಮಿಷದ ಅಂತರದಲ್ಲಿ ಎರಡು ಸಲ ಉಜ್ಜಿದ್ದಾರೆ. ಮನೆಯವರಿಗೆ ಇದು ಸಂಪ್ರದಾಯ. ಬ್ಯಾಂಕಿನ ಕಂಪ್ಯೂಟರಿಗೆ ಇದು ಬೇರೆಯೇ ಚಿತ್ರ: ಸರಾಸರಿ ಮೂರು ಸಾವಿರದ ಬಿಲ್ಲಾಗುವ ಅಂಗಡಿಯಲ್ಲಿ ಏಕಾಏಕಿ ದೊಡ್ಡ ಮೊತ್ತ, ಅದೂ ಒಂದೇ ಕಾರ್ಡು, ಒಂದೇ ಮೊತ್ತ, ಬೆನ್ನುಬೆನ್ನಿಗೆ. ಕದ್ದ ಕಾರ್ಡಿನಿಂದ ದುಡ್ಡು ಎಳೆಯುವವರೂ ಹೀಗೆಯೇ ತುಂಡು ಮಾಡಿ ಉಜ್ಜುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ಸರಕು ಮಾರಿದಂತೆ ತೋರಿಸಿ ನಗದು ಕೊಡುವ ದಂಧೆಯವರೂ ಹೀಗೆಯೇ ಮಾಡುತ್ತಾರೆ. ನಾಳೆ ಕಾರ್ಡಿನವನು ‘ಇದು ನಾನು ಮಾಡಿದ್ದಲ್ಲ’ ಎಂದು ತಕರಾರು ತೆಗೆದರೆ, ಅವನ ಬ್ಯಾಂಕು ಮಷೀನು ಕೊಟ್ಟ ಬ್ಯಾಂಕಿನಿಂದ ದುಡ್ಡು ವಾಪಸು ಎಳೆದುಕೊಳ್ಳಬಹುದು. ಅಷ್ಟರಲ್ಲಿ ಅಂಗಡಿಯವನು ದುಡ್ಡು ತೆಗೆದುಕೊಂಡು ಬಾಗಿಲು ಹಾಕಿದ್ದರೆ ನಷ್ಟ ಬ್ಯಾಂಕಿನದು. ಆದ್ದರಿಂದ ಸಂಶಯ ಬಂದ ಮೊತ್ತವನ್ನು ತಡೆಹಿಡಿಯುವ ಹಕ್ಕನ್ನು ಮಷೀನಿನ ಒಪ್ಪಂದದಲ್ಲಿಯೇ ಬರೆಸಿಕೊಂಡಿರುತ್ತಾರೆ. ತಡೆದದ್ದು ತಪ್ಪಲ್ಲ. ತಡೆದದ್ದನ್ನು ಹೇಳಬೇಕು, ದಾಖಲೆ ಕೊಟ್ಟ ಮೇಲೆ ಬಿಡಬೇಕು.

ಹೇಳಿದ್ದರು ಕೂಡ. ಸೋಮವಾರವೇ ಸ್ಲಿಪ್ಪು ಮತ್ತು ಬಿಲ್ಲಿನ ಪ್ರತಿ ಕೇಳಿ ಇ-ಮೇಲ್ ಹೋಗಿತ್ತು. ಹೋದದ್ದು ಮಷೀನು ತೆಗೆದುಕೊಂಡ ವರ್ಷ ಅಂಗಡಿಯ ಲೆಕ್ಕ ಬರೆಯುತ್ತಿದ್ದ ಗುಮಾಸ್ತರ ವಿಳಾಸಕ್ಕೆ. ಅವರು ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಮಂಗಳವಾರ ಸಿಟ್ಟಿನಲ್ಲಿ ದೂರು ಕೊಡಲು ಶಾಖೆಗೆ ಹೋದಾಗ ಮ್ಯಾನೇಜರು ಕಂಪ್ಯೂಟರ್ ನೋಡಿ, ಇಷ್ಟು ದುಡ್ಡು ಹೋಲ್ಡ್ ಆಗಿದೆ, ಸ್ಲಿಪ್ ತನ್ನಿ ಎಂದರು. ಗುರುವಾರ ಕೊಟ್ಟರು. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಲಿಲ್ಲ. ಆದರೆ ಅದೃಷ್ಟ ಚೆನ್ನಾಗಿತ್ತು. ಮ್ಯಾನೇಜರು ಅವನ್ನೆಲ್ಲ ಸ್ಕ್ಯಾನ್ ಮಾಡಿ ಮುಖ್ಯ ಕಚೇರಿಗೆ ಇ-ಮೇಲ್ ಮಾಡುವಾಗ ಇವರ ಹೊಸ ವಿಳಾಸಕ್ಕೂ ಒಂದು ಪ್ರತಿ ಹಾಕಿದ್ದರು. ಮುಂದೆ ಇಡೀ ವ್ಯವಹಾರ ನಿಂತದ್ದು ಆ ಇ-ಮೇಲಿನ ತಾರೀಖಿನ ಮೇಲೆ.

ಒಪ್ಪಂದದ ಪ್ರಕಾರ ತೃಪ್ತಿಕರ ದಾಖಲೆ ತಲುಪಿದ ಮೂರು ಕೆಲಸದ ದಿನದಲ್ಲಿ ತಡೆದ ಹಣ ಬಿಡಬೇಕು. ಗುರುವಾರ ತಲುಪಿದೆ. ಶುಕ್ರವಾರ ಒಂದು, ಮೂರನೆಯ ಶನಿವಾರ ಕೆಲಸದ ದಿನವಾದ್ದರಿಂದ ಎರಡು, ಸೋಮವಾರ ಮೂರು. ದಾಖಲೆಯಲ್ಲಿ ಕೊರತೆ ಇದೆ ಎಂದು ಯಾರೂ ಹೇಳಿಲ್ಲ. ಸ್ಲಿಪ್ಪಿನ ಮೇಲೆ ಪಿನ್ ಸರಿಯಾಗಿ ಒತ್ತಲಾಗಿದೆ ಎಂಬ ಮುದ್ರೆಯೂ ಇದೆ. ಚಿಪ್ ಇರುವ ಕಾರ್ಡಿಗೆ ಪಿನ್ ಒತ್ತಿಸಿದ್ದಾರೆ ಎಂಬುದು ಅಂಗಡಿಯವರ ಕೈಲಿರುವ ಗಟ್ಟಿ ಸಾಕ್ಷಿ. ಹಾಗಿದ್ದೂ ಸೋಮವಾರ ದುಡ್ಡು ಬರಲಿಲ್ಲ. ಬುಧವಾರ ಸೂರತ್ತಿನ ಸೀರೆ ಸಗಟುದಾರರಿಗೆ ಕೊಟ್ಟಿದ್ದ ಚೆಕ್ಕು ವಾಪಸಾಯಿತು. ಓವರ್‌ಡ್ರಾಫ್ಟ್ ಖಾತೆಯ ಮಿತಿ ಮುಗಿದಿತ್ತು, ಈ 92,000 ಬಂದಿದ್ದರೆ ಚೆಕ್ಕು ಪಾಸಾಗುತ್ತಿತ್ತು. ಶುಕ್ರವಾರ ಬ್ಯಾಂಕಿನ ಮೂರು ಸಾಲಿನ ಉತ್ತರ ಬಂತು. ಭಾನುವಾರ ಇವರು ನಮ್ಮನೆಗೆ ಬಂದರು.

ದಿನಕ್ಕೆ ನೂರು ರೂಪಾಯಿ ದಂಡದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಅದು. ಅದರಲ್ಲಿರುವುದು ವಿಫಲವಾದ ವ್ಯವಹಾರಗಳ ಮಾತು. ಗಿರಾಕಿಯ ಖಾತೆಯಿಂದ ದುಡ್ಡು ಹೋಯಿತು, ಅಂಗಡಿಯ ಮಷೀನಿನಲ್ಲಿ ಸ್ಲಿಪ್ಪು ಬರಲಿಲ್ಲ ಎಂದಿಟ್ಟುಕೊಳ್ಳಿ. ಆ ದುಡ್ಡು ವ್ಯವಹಾರದ ದಿನದಿಂದ ಐದು ದಿನದೊಳಗೆ ಗಿರಾಕಿಗೆ ತಾನಾಗಿಯೇ ವಾಪಸಾಗಬೇಕು. ಆಗದಿದ್ದರೆ ಆರನೆಯ ದಿನದಿಂದ ದಿನಕ್ಕೆ ನೂರು ರೂಪಾಯಿ, ಅದೂ ಗಿರಾಕಿಗೆ. ಸ್ಲಿಪ್ಪು ಬಂದು, ವ್ಯವಹಾರ ಯಶಸ್ವಿಯಾಗಿ, ಅಂಗಡಿಗೆ ದುಡ್ಡು ತಡವಾದರೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಅಲ್ಲಿ ಅಂಗಡಿಯವರ ಆಯುಧ ಅವರ ಒಪ್ಪಂದವೇ. ತಪ್ಪು ನಿಯಮ ಹೆಸರಿಸಿದ ದೂರು ಕಂಡರೆ ಬ್ಯಾಂಕಿನವರಿಗೆ ಒಂದು ರೀತಿಯ ನಿರಾಳ. ನಿಯಮ ಅನ್ವಯಿಸುವುದಿಲ್ಲ ಎಂದು ಬರೆದರೆ ಮುಗಿಯಿತು, ದುಡ್ಡು ಎಲ್ಲಿದೆ ಎಂದು ನೋಡುವ ಗೋಜಿಲ್ಲ.

ಮಷೀನು ಒಂದು ಬ್ಯಾಂಕಿನದು, ಖಾತೆ ಇನ್ನೊಂದು ಬ್ಯಾಂಕಿನಲ್ಲಿ ಇರುವವರಿಗೆ ಮಾತ್ರ ಇನ್ನೊಂದು ಆಯುಧ ಉಂಟು. ಅಂಥಲ್ಲಿ ಸಾಮಾನ್ಯವಾಗಿ ದುಡ್ಡು ಬರುವುದು ನೆಫ್ಟ್ ಮೂಲಕ. ಪ್ರತಿ ನೆಫ್ಟ್‌ಗೂ ಯುಟಿಆರ್ ಎಂಬ ಹದಿನಾರು ಅಕ್ಷರ-ಅಂಕಿಗಳ ಗುರುತು ಇರುತ್ತದೆ. ‘ನಾವು ಕಳಿಸಿಯಾಯಿತು’ ಎಂದು ಮಷೀನಿನ ಬ್ಯಾಂಕು ಹೇಳಿದರೆ, ಹಾಗಾದರೆ ಯುಟಿಆರ್ ಕೊಡಿ ಎಂದು ಕೇಳಬೇಕು. ಕೊಟ್ಟರೆ ಅದನ್ನು ನಿಮ್ಮ ಖಾತೆಯ ಬ್ಯಾಂಕಿಗೆ ತೋರಿಸಿ. ನೆಫ್ಟ್ ಹಣವನ್ನು ಆ ತಂಡದ ಲೆಕ್ಕ ಚುಕ್ತಾ ಆದ ಎರಡು ಗಂಟೆಯೊಳಗೆ ಖಾತೆಗೆ ಹಾಕಬೇಕು. ತಡವಾದರೆ ರೆಪೋ ದರಕ್ಕೆ ಶೇಕಡ 2 ಸೇರಿಸಿ ಆ ಅವಧಿಗೆ ದಂಡದ ಬಡ್ಡಿ ಕೊಡಬೇಕೆಂಬ ನಿಯಮ ಇದೆ. ಯುಟಿಆರ್ ಕೊಡಲು ತಡವರಿಸಿದರೆ ದುಡ್ಡು ಇನ್ನೂ ಹೊರಟೇ ಇಲ್ಲ ಅಥವಾ ಹೊರಟು ವಾಪಸು ಬಂದಿದೆ ಎಂದು ತಿಳಿಯಿರಿ. ನಮ್ಮ ಕಡೆ ವಾಪಸು ಬರುವುದಕ್ಕೆ ಒಂದು ಕಾಲದಲ್ಲಿ ದೊಡ್ಡ ಕಾರಣ ಬ್ಯಾಂಕುಗಳ ವಿಲೀನ. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ಶಾಖೆಗಳ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು, ಸ್ವಲ್ಪ ಕಾಲದ ಮೇಲೆ ಹಳೆಯವು ಕೆಲಸ ನಿಲ್ಲಿಸಿದವು. ಪಾಸ್‌ಬುಕ್ಕು, ಚೆಕ್‌ಬುಕ್ಕು ಬದಲಿಸಿಕೊಂಡವರಿಗೆ ಮಷೀನಿನ ಬ್ಯಾಂಕಿಗೂ ಹೊಸ ಸಂಕೇತ ತಿಳಿಸಬೇಕೆಂದು ಹೊಳೆಯುವುದು ದುಡ್ಡು ನಿಂತ ಮೇಲೆಯೇ.

ಇನ್ನೂ ಒಂದು ಗೊಂದಲ. ಮಷೀನಿನ ಮೇಲೆ ಬ್ಯಾಂಕಿನ ಚೀಟಿ ಅಂಟಿಸಿದ್ದರೂ ಒಪ್ಪಂದ ನಡುವಿನ ಕಂಪನಿಯೊಂದರ ಜೊತೆ ಆಗಿರಬಹುದು. ಇವರನ್ನು ಪೇಮೆಂಟ್ ಅಗ್ರಿಗೇಟರ್ ಎನ್ನುತ್ತಾರೆ. ಆಗ ದುಡ್ಡು ಮೊದಲು ಕಂಪನಿಯ ಎಸ್ಕ್ರೋ ಖಾತೆಗೆ, ಅಂದರೆ ಅಂಗಡಿಯವರ ದುಡ್ಡಿಗೆಂದೇ ಬೇರೆಯಾಗಿ ಇಟ್ಟ ಖಾತೆಗೆ ಬಂದು, ಅಲ್ಲಿಂದ ನಿಮಗೆ ಬರುತ್ತದೆ. ಆನ್‌ಲೈನ್ ಅಗ್ರಿಗೇಟರುಗಳ ಮೇಲೆ ರಿಸರ್ವ್ ಬ್ಯಾಂಕಿನ ನಿಯಮ 2020ರಿಂದಲೇ ಇತ್ತು. 2025ರ ಸೆಪ್ಟೆಂಬರಿನ ನಿರ್ದೇಶನ ಅಂಗಡಿಯ ಕೌಂಟರಿನಲ್ಲಿ ವ್ಯವಹಾರ ನಡೆಸುವವರನ್ನೂ ಅದರೊಳಗೆ ತಂದಿತು. ಒಪ್ಪಂದದ ಮೊದಲ ಪುಟದಲ್ಲಿ ಯಾರ ಹೆಸರಿದೆಯೋ ಅವರಿಗೆ ದೂರು ಕೊಡಬೇಕು. ಬ್ಯಾಂಕಿನ ಶಾಖೆಗೆ ಹೋಗಿ ಜಗಳವಾಡಿದರೆ ಮ್ಯಾನೇಜರಿಗೂ ಏನೂ ಕಾಣುವುದಿಲ್ಲ.

ಚೌಕಿಪೇಟೆಯವರ ವಿಷಯದಲ್ಲಿ ಇದಾವುದೂ ಇರಲಿಲ್ಲ. ಮಷೀನು, ಖಾತೆ ಎರಡೂ ಒಂದೇ ಬ್ಯಾಂಕು. ಹೊಸ ದೂರು ಬರೆದೆವು. ಎರಡು ಲಕ್ಷ ಎಪ್ಪತ್ತೆರಡು ಸಾವಿರದ ಮಾತು ಬಿಟ್ಟೆವು. ಅವರಿಗೆ ಮನಸ್ಸಿರಲಿಲ್ಲ. “ಅದನ್ನೂ ಒಂದು ಸಾಲು ಬರೀರಿ ಸರ, ತೂಕ ಇರತೈತಿ” ಎಂದರು. ಬಂದ ದುಡ್ಡನ್ನು ಬಂದಿಲ್ಲ ಎಂದು ಬರೆದರೆ ಬರದ ದುಡ್ಡಿನ ಮಾತನ್ನೂ ನಂಬುವುದಿಲ್ಲ ಎಂದೆ. ಕೊನೆಗೆ ಕಾಗದ ಹೀಗಾಯಿತು:

“ನಮ್ಮ ಅಂಗಡಿಯ ಸ್ವೈಪಿಂಗ್ ಮಷೀನಿನ MID ಮತ್ತು TID ಸಂಖ್ಯೆಗಳನ್ನು ಮೇಲೆ ಬರೆದಿದೆ. ಎರಡನೆಯ ಶನಿವಾರ ಸಂಜೆ ತಲಾ 46,000 ರೂಪಾಯಿಯ ಎರಡು ವ್ಯವಹಾರ ನಡೆದಿವೆ. ಎರಡರ RRN ಹಾಗೂ ಒಪ್ಪಿಗೆಯ ಸಂಖ್ಯೆಗಳನ್ನು ಕೆಳಗೆ ಕೊಟ್ಟಿದೆ. ಮರುದಿನ ರಾತ್ರಿ ಬ್ಯಾಚು ಮುಗಿಸಿದ್ದು, ಬ್ಯಾಚಿನ ಸ್ಲಿಪ್ಪು ಲಗತ್ತಿಸಿದೆ. ಈ ಎರಡು ವ್ಯವಹಾರಗಳ ಹಣ ತಡೆಹಿಡಿದು ತಾವು ಕೇಳಿದ ಸ್ಲಿಪ್ಪು, ಬಿಲ್ಲುಗಳು ಗುರುವಾರ ತಮ್ಮ ಕಚೇರಿಗೆ ತಲುಪಿವೆ. ಶಾಖೆಯಿಂದ ಹೋದ ಇ-ಮೇಲಿನ ಪ್ರತಿ ಲಗತ್ತಿಸಿದೆ. ಒಪ್ಪಂದದಂತೆ ನಂತರದ ಸೋಮವಾರದೊಳಗೆ ಹಣ ಬರಬೇಕಿತ್ತು. ಇವತ್ತಿನವರೆಗೆ ಹಣವಾಗಲಿ, ತಡೆಗೆ ಕಾರಣವಾಗಲಿ ಬಂದಿಲ್ಲ. ತಮ್ಮ ಹಿಂದಿನ ಉತ್ತರದಲ್ಲಿ ಈ ಎರಡು ವ್ಯವಹಾರಗಳ ಪ್ರಸ್ತಾಪ ಇಲ್ಲ. ಹಣ ಬಿಡುಗಡೆ ಮಾಡಿ, ಆ ಸೋಮವಾರದಿಂದ ಜಮೆಯಾಗುವ ದಿನದವರೆಗೆ ನಮ್ಮ ಓವರ್‌ಡ್ರಾಫ್ಟಿಗೆ ತಾವು ಹಾಕಿರುವ ಬಡ್ಡಿಯನ್ನೂ ಚೆಕ್ಕು ವಾಪಸಾದ ಶುಲ್ಕವನ್ನೂ ಹಿಂದಿರುಗಿಸಬೇಕಾಗಿ ಕೋರುತ್ತೇವೆ. ಇನ್ನೂ ತಡೆಹಿಡಿಯುವುದಾದರೆ ಒಪ್ಪಂದದ ಯಾವ ಕಲಮಿನಂತೆ ಎಂದು ಬರಹದಲ್ಲಿ ತಿಳಿಸಬೇಕು.”

ಈ ಸಂಖ್ಯೆಗಳೆಲ್ಲ ಸ್ಲಿಪ್ಪಿನ ಮೇಲೆಯೇ ಅಚ್ಚಾಗಿರುತ್ತವೆ. MID ಅಂಗಡಿಯ ಗುರುತು, TID ಆ ಮಷೀನಿನ ಗುರುತು. RRN ಹನ್ನೆರಡು ಅಂಕಿಯದು, ಒಂದೊಂದು ವ್ಯವಹಾರಕ್ಕೂ ಬೇರೆ ಬೇರೆ. ಬ್ಯಾಂಕಿನ ಮುಖ್ಯ ಕಚೇರಿಯಲ್ಲಿ ಕೂತವರು ಅಂಗಡಿಯ ಹೆಸರಿನಿಂದ ಹುಡುಕುವುದಿಲ್ಲ, ಈ ಸಂಖ್ಯೆಯಿಂದ ಹುಡುಕುತ್ತಾರೆ. ಒಂದು ಎಚ್ಚರಿಕೆ: ಸ್ಲಿಪ್ಪು ಶಾಖಕ್ಕೆ ಕಪ್ಪಾಗುವ ಕಾಗದ. ಗಲ್ಲಾದ ಮೂಲೆಯಲ್ಲಿ ಕೆಲವು ತಿಂಗಳು ಬಿದ್ದಿದ್ದರೆ ಅಕ್ಷರ ಮಾಸಿ ಬಿಳಿ ಚೀಟಿಯಾಗುತ್ತದೆ, ಗಿರಾಕಿಯ ತಕರಾರು ತಿಂಗಳುಗಟ್ಟಲೆ ಆದ ಮೇಲೂ ಬರಬಹುದು. ದೊಡ್ಡ ಮೊತ್ತದ ಸ್ಲಿಪ್ಪನ್ನು ಅವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದಿಡುವುದು ಒಳ್ಳೆಯದು.

ಸೋಮವಾರ ದೂರು ಶಾಖೆಗೆ ಕೊಟ್ಟು ಮೊಹರು ಹಾಕಿಸಿಕೊಂಡರು, ಬ್ಯಾಂಕಿನ ದೂರು ವಿಭಾಗಕ್ಕೂ ಇ-ಮೇಲ್ ಮಾಡಿ ದೂರಿನ ಸಂಖ್ಯೆ ಪಡೆದರು. ಆ ಸಂಖ್ಯೆ, ಆ ತಾರೀಖು ಮುಂದಕ್ಕೆ ಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ದಾಖಲಿಸಬಹುದು, 14448 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ಹಿಂದಿನ ಉತ್ತರ ಕೈಲಿದ್ದರೂ ಅದರ ಮೇಲೆಯೇ ಓಂಬುಡ್ಸ್‌ಮನ್‌ಗೆ ಹೋಗೋಣ ಎಂಬ ಅವರ ಆತುರವನ್ನು ನಾನು ತಡೆದಿದ್ದೆ. ಅಲ್ಲಿ ಮೊದಲು ನೋಡುವುದು ಈ ಮಾತನ್ನು ಬ್ಯಾಂಕಿಗೆ ಬರಹದಲ್ಲಿ ಕೇಳಿದ್ದೀರಾ ಎಂಬುದನ್ನು. ಹಳೆಯ ದೂರಿನಲ್ಲಿ 92,000ದ ಮಾತು ಬಿಡಿಯಾಗಿ ಇರಲೇ ಇಲ್ಲವಲ್ಲ.

ಓಂಬುಡ್ಸ್‌ಮನ್‌ವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ಗುರುವಾರ ಮಧ್ಯಾಹ್ನ ದುಡ್ಡು ಬಂತು, ಕಮಿಷನ್ ಕಳೆದು. ದಾಖಲೆ ಮುಖ್ಯ ಕಚೇರಿಯಲ್ಲಿ ಒಬ್ಬರ ಮೇಜಿಗೆ ತಲುಪಿ ಅಲ್ಲೇ ಕೂತಿತ್ತು ಎಂದು ಮ್ಯಾನೇಜರು ಬಾಯಿಮಾತಿನಲ್ಲಿ ಹೇಳಿದರಂತೆ. ಬರಹದಲ್ಲಿ ಬಂದದ್ದು ‘ಕಾರ್ಯವಿಧಾನದ ವಿಳಂಬಕ್ಕೆ ವಿಷಾದಿಸುತ್ತೇವೆ’.

ಬಡ್ಡಿಯ ಲೆಕ್ಕ ನಾವೇ ಹಾಕಿ ಕಳಿಸಿದ್ದೆವು. ಬರಬೇಕಾದ ಸೋಮವಾರದಿಂದ ಬಂದ ಗುರುವಾರಕ್ಕೆ ಹತ್ತು ದಿನ. ಓವರ್‌ಡ್ರಾಫ್ಟಿನ ದರ ಶೇಕಡ 11. 92,000ಕ್ಕೆ ಹತ್ತು ದಿನದ ಬಡ್ಡಿ 277 ರೂಪಾಯಿ 26 ಪೈಸೆ. ಚೆಕ್ಕು ವಾಪಸಾದದ್ದಕ್ಕೆ ಹಿಡಿದ 500 ರೂಪಾಯಿ, ಅದರ ಜಿಎಸ್‌ಟಿ 90 ರೂಪಾಯಿ. ಒಟ್ಟು 867 ರೂಪಾಯಿ 26 ಪೈಸೆ. ಸಂಖ್ಯೆ ನೋಡಿ ಅವರಿಗೆ ನಿರಾಸೆ. “ಇಷ್ಟೇನಾ? ಇಷ್ಟು ಓಡಾಟಕ್ಕೆ?” ಶನಿವಾರದಿಂದ ಗುರುವಾರದವರೆಗಿನ ಮೊದಲ ದಿನಗಳಿಗೂ ಬಡ್ಡಿ ಹಾಕಿ ಎಂದರು. ಅದು ಸಿಗುವುದಲ್ಲ. ಆ ದಿನಗಳು ಮುಗಿಸದ ಬ್ಯಾಚಿನವು, ರಜೆಯವು, ಗುಮಾಸ್ತರ ಹಳೆಯ ಇ-ಮೇಲಿನವು. ಬ್ಯಾಂಕಿನ ತಲೆಗೆ ಕಟ್ಟಬಹುದಾದದ್ದು ಆ ಹತ್ತು ದಿನ ಮಾತ್ರ. ಚೆಕ್ಕು ವಾಪಸಾದ ಬುಧವಾರ ಆ ಹತ್ತು ದಿನದ ಒಳಗೆ ಬಿತ್ತು, ಅದಕ್ಕೇ ಅದರ ಶುಲ್ಕ ಕೇಳಲು ಬಂತು. ವಾರ ಮೊದಲೇ ವಾಪಸಾಗಿದ್ದರೆ ಅದೂ ಅಂಗಡಿಯ ಖರ್ಚೇ. ಸೂರತ್ತಿನ ಸಗಟುದಾರರು ಮುಂದಿನ ಸರಕಿಗೆ ಮುಂಗಡ ಕೇಳತೊಡಗಿದ್ದರು. ಆ ನಷ್ಟ ನಿಜವಾದದ್ದೇ. ಆದರೆ ಅದಕ್ಕೆ ಕಾಗದದ ಸಾಕ್ಷಿ ಅವರ ಬಳಿ ಇರಲಿಲ್ಲ, ಫೋನಿನ ಮಾತು ಮಾತ್ರ ಇತ್ತು.

ಮೂರು ವಾರದ ಮೇಲೆ ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಬಂತು: 867.26 ಜಮಾ. ಅವರು ಅದನ್ನು ನನಗೆ ತೋರಿಸಲೆಂದೇ ಬಂದಿದ್ದರು. ಜೊತೆಗೆ ಇನ್ನೊಂದು ಕಾಗದ, ಬ್ಯಾಂಕಿನಲ್ಲಿ ಇ-ಮೇಲ್ ವಿಳಾಸ ಬದಲಾಯಿಸಿದ್ದಕ್ಕೆ ಮೊಹರು ಹಾಕಿದ ಸ್ವೀಕೃತಿ. ಬ್ಯಾಚು ಮುಗಿಸುವ ಕೆಲಸವನ್ನು ಈಗ ಹುಡುಗನಿಗೆ ಬಿಡುವುದಿಲ್ಲವಂತೆ. ರಾತ್ರಿ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮಷೀನಿನಲ್ಲಿ ಸೆಟ್ಲ್‌ಮೆಂಟ್ ಒತ್ತಿ, ಆ ಸ್ಲಿಪ್ಪನ್ನು ಮೊಳೆಗೆ ಚುಚ್ಚಿದ ಮೇಲೆಯೇ ಷಟರ್ ಎಳೆಯುತ್ತಾರಂತೆ.